ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ಸಿಡಿಐ ಕೊನೆಗಿರಲಿ, ಮೊದಲು ಪೆಟ್ರೋಲ್ ನೋಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರ. 2012ರ ಮಾಡೆಲ್ 100 ಸಿಸಿ ಗಾಡಿ, ಕಾರ್ಬೊರೇಟರ್ ಇರೋದು. ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಈಗ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಸೆಲ್ಫ್ ಒತ್ತಿದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಕಿಕ್ ಹೊಡೆದೂ ನೋಡಿದೆ. ಟ್ಯಾಂಕಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಮೆಕ್ಯಾನಿಕ್ ಫೋನಲ್ಲೇ "ಸಿಡಿಐ ಹೋಗಿರಬೇಕು" ಅಂದರು. ತರಿಸಿಬಿಡಲಾ ಸರ್?

ಉತ್ತರ:

ಸದ್ಯಕ್ಕೆ ತರಿಸಬೇಡಿ. ಪ್ಲಗ್ಗಿನ ಕಿಡಿಯನ್ನು ಸರಿಯಾದ ಹೊತ್ತಿಗೆ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ ಈ ಸಿಡಿಐ. ಅದು ಹೋಗುವುದೇ ಇಲ್ಲ ಅಂತಲ್ಲ, ಹೋಗುತ್ತದೆ. ಆದರೆ ಮನೆಯಲ್ಲಿ ಮೀಟರ್ ಇಟ್ಟು ಪರೀಕ್ಷೆ ಮಾಡಲು ಬಾರದ ಪಾರ್ಟ್ ಅದೊಂದೇ. ಹಾಗಾಗಿ ಕಾರಣ ಗೊತ್ತಾಗದಿದ್ದಾಗಲೆಲ್ಲ ತಪ್ಪು ಅದರ ತಲೆಗೆ ಬರುತ್ತದೆ. ಮಳೆಗಾಲ ಪೂರ್ತಿ ನಿಂತ ಕಾರ್ಬೊರೇಟರ್ ಗಾಡಿಯಲ್ಲಿ ಮೊದಲ ಅನುಮಾನ ಪೆಟ್ರೋಲ್ ಮೇಲೆ, ಎರಡನೆಯದು ಪ್ಲಗ್ ಮತ್ತು ಅದರ ಕ್ಯಾಪ್ ಮೇಲೆ. ಸಿಡಿಐ ಸಾಲಿನ ಕೊನೆಯಲ್ಲಿ ನಿಲ್ಲಲಿ.

ಸೆಲ್ಫ್ ಜೋರಾಗಿ ತಿರುಗುತ್ತಿದೆ ಅಂದರೆ ಬ್ಯಾಟರಿ, ರಿಲೇ, ಸ್ಟಾರ್ಟರ್ ಮೋಟಾರ್ ಮೂರೂ ಸರಿ ಇವೆ. ಅವುಗಳ ತಂಟೆಗೆ ಹೋಗಬೇಡಿ. ಸುಮ್ನೆ ಒತ್ತುತ್ತಲೂ ಇರಬೇಡಿ. ಒಂದು ಸಲಕ್ಕೆ ಐದು ಸೆಕೆಂಡ್ ಸಾಕು, ಆಮೇಲೆ ಹತ್ತು ಹದಿನೈದು ಸೆಕೆಂಡ್ ಬಿಡಿ. ಇಲ್ಲಾಂದ್ರೆ ಹೊಸ ಬ್ಯಾಟರಿಯೂ ಸಂಜೆಯೊಳಗೆ ಸುಸ್ತಾಗುತ್ತದೆ. ಹ್ಯಾಂಡಲ್ ಮೇಲೆ ಇಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ ಇದ್ದರೆ ಅದನ್ನೊಮ್ಮೆ ನೋಡಿ. ನಿಂತ ಗಾಡಿ ಮೇಲೆ ಮಕ್ಕಳು ಹತ್ತಿ ಆಡಿರುತ್ತಾರೆ, ಅದು ಆಫ್ ಆಗಿರುತ್ತದೆ, ಕೆಲವು ಗಾಡಿಗಳಲ್ಲಿ ಸ್ವಿಚ್ ಆಫ್ ಇದ್ದರೂ ಸೆಲ್ಫ್ ಮಾತ್ರ ತಿರುಗುತ್ತಲೇ ಇರುತ್ತದೆ.

ಈಗ ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತನ್ನಿ. ಪೆಟ್ರೋಲ್ ಬಿಚ್ಚುವ ಕೆಲಸ ಇದು, ಗಾಳಿ ಆಡಬೇಕು. ಹತ್ತಿರದಲ್ಲಿ ಬೀಡಿ, ಒಲೆ ಏನೂ ಇರಬಾರದು. ಮೊಬೈಲ್ ಟಾರ್ಚ್ ಸಾಕು, ಬೆಂಕಿಕಡ್ಡಿ ಗೀರಿ ಟ್ಯಾಂಕ್ ಒಳಗೆ ಇಣುಕುವವರು ಈಗಲೂ ಇದ್ದಾರೆ, ಅದಕ್ಕೆ ಹೇಳಿದೆ.

ಟ್ಯಾಂಕ್ ಮುಚ್ಚಳ ತೆಗೆದು ಮೂಸಿ. ಹೊಸ ಪೆಟ್ರೋಲಿನ ಚುರುಕು ವಾಸನೆ ನಿಮಗೆ ಗೊತ್ತೇ ಇದೆ. ತಿಂಗಳುಗಟ್ಟಲೆ ನಿಂತದ್ದು ಹಳೇ ವಾರ್ನಿಶ್ ಡಬ್ಬಿ ಮುಚ್ಚಳ ತೆಗೆದಂತೆ ವಾಸನೆ ಹೊಡೆಯುತ್ತದೆ, ಬಣ್ಣವೂ ಗಾಢವಾಗಿರುತ್ತದೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶ ಇರುತ್ತದಲ್ಲ, ತಣ್ಣಗಿನ ಇಂಜಿನ್‌ನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳುವುದು ಅದೇ. ನಿಂತ ಗಾಡಿಯಲ್ಲಿ ಮೊದಲು ಹಾರಿಹೋಗುವುದೂ ಅದೇ.

ನಿಮ್ಮ ಊರಿನ ಮಳೆಗೆ ಇನ್ನೊಂದು ತೊಂದರೆ ಸೇರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದೆ, ಇ20 ಅಂದರೆ ಅದರಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್. ಎಥೆನಾಲ್‌ಗೆ ನೀರು ಕಂಡರೆ ಆಸೆ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಮೇಲಿನ ಅರ್ಧದಲ್ಲಿ ತೇವದ ಗಾಳಿ ಕೂತಿರುತ್ತದೆ, ರಾತ್ರಿ ತಣ್ಣಗಾದಾಗ ತಗಡಿನ ಒಳಮೈಯಲ್ಲಿ ಅದು ಬೆವರಿ ಕೆಳಗಿಳಿಯುತ್ತದೆ. ಮುಚ್ಚಳದ ರಬ್ಬರ್ ಹಳೆಯದಾಗಿದ್ದರೆ ಮಳೆ ನೀರೂ ಒಳಗೆ ಜಿನುಗುತ್ತದೆ. ಸ್ವಲ್ಪ ನೀರಿದ್ದರೆ ಎಥೆನಾಲ್ ಅದನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಿತಿ ಮೀರಿದರೆ ನೀರೂ ಎಥೆನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್ ಎಳೆದುಕೊಳ್ಳುವುದು ಎಲ್ಲಿಂದ? ತಳದಿಂದ. ರಿಸರ್ವ್‌ನಲ್ಲಿ ಇಟ್ಟರಂತೂ ಇನ್ನೂ ತಳದಿಂದ. ಟ್ಯಾಂಕ್ ಅರ್ಧ ತುಂಬಿದ್ದರೂ ಇಂಜಿನ್ ಬಾಯಿಗೆ ಹೋಗುವುದು ನೀರು.

ಇದನ್ನು ಕಣ್ಣಾರೆ ನೋಡಬಹುದು. ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಕಾಕ್ ಆಫ್ ಮಾಡಿ, ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸರಿಸಿ, ಪೈಪನ್ನು ಎಳೆಯದೆ ತಿರುಗಿಸುತ್ತಾ ಬಿಚ್ಚಿ. ಹಳೇ ಪೈಪು ಎಳೆದರೆ ಸೀಳುತ್ತದೆ. ತುದಿಯನ್ನು ಬಾಟಲಿಯೊಳಗೆ ಬಿಟ್ಟು ಕಾಕನ್ನು ರಿಸರ್ವ್‌ಗೆ ತಿರುಗಿಸಿ, ಕಾಲು ಲೀಟರಿನಷ್ಟು ಹಿಡಿಯಿರಿ. ಹತ್ತು ನಿಮಿಷ ಬಾಟಲಿಯನ್ನು ಅಲ್ಲಾಡಿಸದೆ ಇಡಿ. ಮಧ್ಯದಲ್ಲಿ ಗೆರೆ ಎಳೆದಂತೆ ಎರಡು ಪದರ ಕಂಡರೆ, ಅಥವಾ ತಳದಲ್ಲಿ ಗುಂಡುಗುಂಡಾಗಿ ನೀರಿನ ಹನಿ ಓಡಾಡಿದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು. ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು, ನೀರು ತಳದಲ್ಲೇ ಇರುತ್ತದೆ.

ಪೆಟ್ರೋಲ್ ಹೇಗೆ ಬೀಳುತ್ತದೆ ಅನ್ನುವುದನ್ನೂ ಗಮನಿಸಿ. ಒಂದೇ ಸಮನೆ ಧಾರೆಯಾಗಿ ಬರಬೇಕು. ಮೊದಲಿಂದಲೇ ತೊಟ್ಟಿಕ್ಕುತ್ತಿದ್ದರೆ ಕಾಕಿನ ಜಾಲರಿ ಕಟ್ಟಿದೆ. ಮೊದಲು ಚೆನ್ನಾಗಿ ಬಂದು, ಆಮೇಲೆ ಸಣ್ಣದಾಗುತ್ತಾ ನಿಂತುಹೋದರೆ ಮುಚ್ಚಳ ತೆಗೆಯಿರಿ. ತೆಗೆದ ಕೂಡಲೇ ಧಾರೆ ಮತ್ತೆ ಶುರುವಾಯಿತಾ? ಹಾಗಿದ್ದರೆ ಮುಚ್ಚಳದಲ್ಲಿ ಗಾಳಿ ಒಳಬರುವ ಸಣ್ಣ ತೂತು ಮುಚ್ಚಿದೆ, ಟ್ಯಾಂಕಿಗೆ ಉಸಿರು ಸಿಗುತ್ತಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಕಣಜ ಅಲ್ಲಿ ಮಣ್ಣು ಮೆತ್ತಿರುತ್ತದೆ. (ನಿರ್ವಾತದಿಂದ ತೆರೆಯುವ ಕಾಕ್ ಇರುವ ಗಾಡಿಗಳೂ ಇವೆ. ಅವುಗಳಲ್ಲಿ ಇಂಜಿನ್ ತಿರುಗಿದಾಗ ಮಾತ್ರ ಪೆಟ್ರೋಲ್ ಬರುತ್ತದೆ. ಆನ್, ಆಫ್, ರಿಸರ್ವ್ ಅಂತ ಕೈಯಲ್ಲಿ ತಿರುಗಿಸುವ ಕಾಕ್ ಇದ್ದರೆ ಆ ತಲೆನೋವಿಲ್ಲ.)

ಪೈಪಿನವರೆಗೆ ಪೆಟ್ರೋಲ್ ಬಂತು ಅಂತಿಟ್ಟುಕೊಳ್ಳಿ. ಪೈಪ್ ವಾಪಸ್ ಸಿಕ್ಕಿಸಿ, ಕಾಕ್ ಆನ್ ಮಾಡಿ, ಕಾರ್ಬೊರೇಟರ್ ತಳಕ್ಕೆ ಬನ್ನಿ. ಅಲ್ಲಿ ಫ್ಲೋಟ್ ಚೇಂಬರ್ ಇದೆ, ಪೆಟ್ರೋಲ್ ಬಂದು ಕೂರುವ ಪುಟ್ಟ ಬಟ್ಟಲು. ಅದರ ಅಡಿಯಲ್ಲೋ ಪಕ್ಕದಲ್ಲೋ ಒಂದು ಡ್ರೈನ್ ಸ್ಕ್ರೂ, ಅದರಿಂದ ಕೆಳಕ್ಕೆ ಇಳಿಬಿದ್ದ ಸಣ್ಣ ಪೈಪ್. ಪೈಪಿನ ಕೆಳಗೆ ಬಾಟಲಿ ಹಿಡಿದು ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ. ಏನೂ ಬರದಿದ್ದರೆ ಒಳಗಿನ ಫ್ಲೋಟ್ ಸೂಜಿ ಅಂಟಿಕೊಂಡಿದೆ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಚೇಂಬರಿನ ಮೈಗೆ ಮೆಲ್ಲಗೆ ತಟ್ಟಿ, ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ಬಂದರೆ, ಮೊದಲು ಬಂದದ್ದನ್ನೇ ಹಿಡಿದು ನೋಡಿ. ನೀರು, ಕಂದು ಬಣ್ಣದ ಗಸಿ, ತುಕ್ಕಿನ ಪುಡಿ ಎಲ್ಲ ಅಲ್ಲೇ ಕೂತಿರುತ್ತವೆ. ಹೊಸ ಪೆಟ್ರೋಲ್ ತಿಳಿಯಾಗಿ ಬರುವವರೆಗೆ ಬಿಟ್ಟು ಸ್ಕ್ರೂ ಮುಚ್ಚಿ. ಹಿತ್ತಾಳೆ ಸ್ಕ್ರೂ ಅದು, ಬಲ ಹಾಕಿ ಬಿಗಿಯಬೇಡಿ. ಈಗ ಚೋಕ್ ಎಳೆದು ಒಮ್ಮೆ ಸೆಲ್ಫ್ ಒತ್ತಿ ನೋಡಿ. ನಿಂತ ಗಾಡಿಗಳು ಇಷ್ಟಕ್ಕೇ ಎದ್ದುಬಿಡುವುದುಂಟು.

ಏಳಲಿಲ್ಲವಾ? ಹಾಗಾದರೆ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಪರೀಕ್ಷೆಗೆ ಬರೋಣ.

ಮೊದಲು ಪ್ಲಗ್ ಸುತ್ತಲಿನ ಮಣ್ಣನ್ನು ಊದಿ, ಬ್ರಷ್ ಹಾಕಿ ತೆಗೆಯಿರಿ. ಇಲ್ಲಾಂದ್ರೆ ಪ್ಲಗ್ ತೆಗೆದ ಕೂಡಲೇ ಅದು ಸಿಲಿಂಡರ್ ಒಳಗೆ ಬೀಳುತ್ತದೆ. ಕ್ಯಾಪನ್ನು ವೈರ್ ಹಿಡಿದು ಎಳೆಯಬೇಡಿ, ಕ್ಯಾಪನ್ನೇ ಹಿಡಿದು ತಿರುಗಿಸಿ ಎಳೆಯಿರಿ. ಗಾಡಿ ಜೊತೆ ಬಂದ ಪ್ಲಗ್ ಸ್ಪ್ಯಾನರ್‌ನಿಂದ ಪ್ಲಗ್ ಬಿಚ್ಚಿ ತುದಿ ನೋಡಿ. ಚೋಕ್ ಹಾಕಿ ಈಗಷ್ಟೇ ಸೆಲ್ಫ್ ಹೊಡೆದಿದ್ದೀರಿ, ಹಾಗಾಗಿ ಪೆಟ್ರೋಲ್ ಒಳಗೆ ಹೋಗಿದ್ದರೆ ತುದಿ ಒದ್ದೆಯಾಗಿರಲೇಬೇಕು. ಬೆರಳಿಗೆ ಹಚ್ಚಿ ನೋಡಿ. ಪೆಟ್ರೋಲ್ ಆದರೆ ತಣ್ಣಗೆ ತಾಕಿ ಕ್ಷಣದಲ್ಲಿ ಆರುತ್ತದೆ, ವಾಸನೆ ಬರುತ್ತದೆ. ನೀರಾದರೆ ಹನಿಯಾಗಿ ಉಳಿಯುತ್ತದೆ. ಮೂಳೆಯಂತೆ ಒಣಗಿದ್ದರೆ ಪೆಟ್ರೋಲ್ ಇನ್ನೂ ಸಿಲಿಂಡರ್ ಮುಟ್ಟಿಲ್ಲ.

ಪ್ಲಗ್ ಒಣಗಿದ್ದರೆ ಇದನ್ನು ಮಾಡಿ. ಸೂಜಿ ತೆಗೆದ ಸಿರಿಂಜಿನಲ್ಲಿ 2 ಎಂಎಲ್ ಹೊಸ ಪೆಟ್ರೋಲ್ ತೆಗೆದುಕೊಂಡು ಪ್ಲಗ್ ತೂತಿನೊಳಗೆ ಬಿಡಿ. ಅದಕ್ಕಿಂತ ಜಾಸ್ತಿ ಬೇಡ. ಪೆಟ್ರೋಲ್ ಡಬ್ಬಿಯನ್ನು ದೂರ ಇಡಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿಯಿರಿ, ಕ್ಯಾಪ್ ಹಾಕಿ, ಸೆಲ್ಫ್ ಒತ್ತಿ. ಗಾಡಿ ಎರಡು ಸೆಕೆಂಡ್ ಬಡಬಡ ಅಂದು ನಿಂತುಹೋದರೆ ನಿಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸಿಡಿಐ ಚೆನ್ನಾಗಿಯೇ ಇದೆ ಅಂತ ಹೇಳಬಹುದು. ಕಿಡಿ ಇದೆ, ಸರಿಯಾದ ಹೊತ್ತಿಗೂ ಬರುತ್ತಿದೆ, ಕಂಪ್ರೆಶನ್ನೂ ಇದೆ. ಇಲ್ಲದಿರುವುದು ಪೆಟ್ರೋಲ್ ಮಾತ್ರ. ಒಂದೇ ಪರೀಕ್ಷೆಯಲ್ಲಿ ಅರ್ಧ ಗಾಡಿ ಅನುಮಾನದಿಂದ ಹೊರಗೆ ಹೋಯಿತು.

ಆಗ ಉಳಿಯುವುದು ಕಾರ್ಬೊರೇಟರ್ ಒಳಗಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು. ಹೋದ ವರ್ಷ ತೀರ್ಥಹಳ್ಳಿ ಕಡೆಯ ಒಂದು ಗಾಡಿ ಹೀಗೇ ಬಂದಿತ್ತು, ನಿಮ್ಮದರಂತೆಯೇ ಮಳೆಗಾಲ ನಿಂತದ್ದು. ಅದಕ್ಕೆ ಆಗಲೇ ಹೊಸ ಸಿಡಿಐ, ಹೊಸ ಕಾಯಿಲ್ ಎರಡೂ ಹಾಕಿಸಿದ್ದರು. ಪ್ಲಗ್ ಬಿಚ್ಚಿದರೆ ಒಣ. ಸಿರಿಂಜಿನಲ್ಲಿ ಪೆಟ್ರೋಲ್ ಬಿಟ್ಟು ಸೆಲ್ಫ್ ಹೊಡೆದರೆ ಬಡಬಡ ಅಂದು ಸತ್ತಿತು. ಫ್ಲೋಟ್ ಚೇಂಬರ್ ಡ್ರೈನ್ ಮಾಡಿದಾಗ ಮೊದಲು ಬಂದದ್ದು ಮಜ್ಜಿಗೆ ಬಣ್ಣದ ನೀರು. ಅದನ್ನು ಖಾಲಿ ಮಾಡಿ, ಟ್ಯಾಂಕಿಗೆ ಹೊಸ ಪೆಟ್ರೋಲ್ ಹಾಕಿದ ಮೇಲೆ ಚೋಕ್ ಹಾಕಿದರೆ ಸ್ಟಾರ್ಟ್ ಆಯಿತು, ಆದರೆ ಚೋಕ್ ತೆಗೆದ ಕೂಡಲೇ ಆಫ್. ಆಕ್ಸಿಲೇಟರ್ ಹಿಡಿದಿದ್ದರೆ ಮಾತ್ರ ಇಂಜಿನ್ ಓಡುತ್ತಿತ್ತು. ಈ ಲಕ್ಷಣ ಕಂಡರೆ ಮುಂದೆ ಹುಡುಕಬೇಕಾಗಿಲ್ಲ, ಪೈಲಟ್ ಜೆಟ್ ಕಟ್ಟಿದೆ. ಐಡಲಿಂಗ್‌ಗೆ ಪೆಟ್ರೋಲ್ ಕೊಡುವುದು ಅದೇ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಅದನ್ನು ಮುಚ್ಚಲು ಜಾಸ್ತಿ ಬೇಕಾಗಿಲ್ಲ. ಚೇಂಬರ್ ಬಿಚ್ಚಿ ಜೆಟ್ ತೆಗೆದು ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆಳಕು ಕಾಣಲಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿದ ಮೇಲೆ ಸೂಜಿಮೊನೆಯಷ್ಟು ಗುಂಡಗಿನ ಬೆಳಕು ಕಂಡಿತು. ಗಾಡಿ ಅವತ್ತೇ ಮನೆಗೆ ಹೋಯಿತು.

ಜೆಟ್ ತೂತಿಗೆ ಪಿನ್ನು, ಸೂಜಿ, ಕ್ಲಚ್ ಕೇಬಲ್ ಎಳೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಹಿತ್ತಾಳೆ ಮೆತ್ತಗಿರುತ್ತದೆ, ಉಕ್ಕಿನ ಎಳೆ ಒಮ್ಮೆ ಹೋಗಿ ಬಂದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಮೈಲೇಜ್ ಯಾಕೆ ಬಿತ್ತು ಅಂತ ಹುಡುಕುತ್ತಾ ಕೂರಬೇಕು. ಸ್ಪ್ರೇಗೂ ಬಿಡದಿದ್ದರೆ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಬಳಸಿ. ಅದಕ್ಕೂ ಆಗದಿದ್ದರೆ ಹೊಸ ಜೆಟ್ ಹಾಕಿ. ಗಾಳಿ ಹಿಡಿಯುವ ಮುಂಚೆ ಫ್ಲೋಟ್, ರಬ್ಬರ್ ವಾಷರ್ ತೆಗೆದಿಡುವುದನ್ನು ಮರೆಯಬೇಡಿ.

ಈಗ ಇನ್ನೊಂದು ದಾರಿ. ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಿಂದ ಒದ್ದೆಯಾಗಿದೆ, ಆದರೂ ಸ್ಟಾರ್ಟ್ ಇಲ್ಲ. ಅಥವಾ ಸಿರಿಂಜಿನ ಪೆಟ್ರೋಲಿಗೂ ಒಂದು ಸದ್ದೂ ಬರಲಿಲ್ಲ. ಆಗ ಕಿಡಿಯ ಕಡೆಗೆ ಹೋಗಬೇಕು. ತುಂಬಾ ಹೊತ್ತು ಚೋಕ್ ಹಾಕಿ ಹೊಡೆದಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಬರೀ ಓವರ್ ಆಗಿರಲೂಬಹುದು. ಪ್ಲಗ್ ಹೊರಗಿಟ್ಟು, ಕಾಕ್ ಆಫ್ ಮಾಡಿ, ಚೋಕ್ ತೆಗೆದು, ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕೈದು ಕಿಕ್ ಹೊಡೆಯಿರಿ. ಇದನ್ನು ಕೀ ಆಫ್ ಇಟ್ಟೇ ಮಾಡಿ, ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಪ್ಲಗ್ ಒರೆಸಿ ಒಣಗಿಸಿ, ಹಾಕಿ, ಮತ್ತೆ ನೋಡಿ.

ಕಿಡಿ ನೋಡುವುದು ಹೀಗೆ. ಸಿಲಿಂಡರಿನ ತೂತನ್ನು ಬಟ್ಟೆಯಿಂದ ಮುಚ್ಚಿ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಗಟ್ಟಿಯಾಗಿ ತಾಗುವಂತೆ, ತೂತಿನಿಂದ ಆದಷ್ಟು ದೂರ ಹಿಡಿಯಿರಿ. ಹಿಡಿಯುವುದು ಪ್ಲಾಸ್ಟಿಕ್ ಹಿಡಿಯ ಪ್ಲಯರ್‌ನಿಂದ, ಬರಿಗೈಯಲ್ಲಿ ಅಲ್ಲ, ಹಿಡಿದರೆ ಏನಾಗುತ್ತದೆ ಅಂತ ಒಂದು ಸಲಕ್ಕೇ ಗೊತ್ತಾಗುತ್ತದೆ. ನೆರಳಿನಲ್ಲಿ ನಿಂತು ಕೀ ಆನ್ ಮಾಡಿ ಸೆಲ್ಫ್ ಒತ್ತಿ. ನೀಲಿ ಬಣ್ಣದ, ಚಟ್ ಚಟ್ ಅಂತ ಸದ್ದು ಬರುವ ಕಿಡಿ ಬೇಕು. ತೆಳ್ಳಗೆ ಹಳದಿಯಾಗಿ, ಸದ್ದಿಲ್ಲದೆ ಬಂದರೆ ಅದು ಬಂದಂತಲ್ಲ. ಯಾಕೆಂದರೆ ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನಲ್ಲಿ ಒತ್ತಿದ ಗಾಳಿಯಲ್ಲಿ ಅದೇ ಕಿಡಿ ಹಾರುವುದಿಲ್ಲ. "ಕರೆಂಟ್ ಬರ್ತಾ ಇದೆಯಲ್ಲ" ಅಂತ ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ಕಿಡಿ ಇಲ್ಲ ಅಥವಾ ಮಂಕಾಗಿದೆ ಅಂದರೆ ಮೊದಲು ಹೊಸ ಪ್ಲಗ್ ಹಾಕಿ. ಎಲ್ಲಕ್ಕಿಂತ ಅಗ್ಗದ ಪಾರ್ಟ್ ಅದು. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಹೇಳಿದ ನಂಬರಿನದ್ದೇ ಇರಲಿ, ಗ್ಯಾಪ್ ಕೂಡ ಅದರಲ್ಲೇ ಇರುತ್ತದೆ. ಅದಕ್ಕೂ ಆಗದಿದ್ದರೆ ಕ್ಯಾಪ್. ಹೆಚ್ಚಿನ ಕ್ಯಾಪುಗಳು ದಪ್ಪ ವೈರಿಗೆ ಸ್ಕ್ರೂನಂತೆ ತಿರುಗಿ ಕೂತಿರುತ್ತವೆ, ಎಡಕ್ಕೆ ತಿರುಗಿಸಿದರೆ ಬರುತ್ತವೆ. ತೇವದಲ್ಲಿ ನಿಂತ ಗಾಡಿಯಾದರೆ ವೈರಿನ ತುದಿಯ ತಾಮ್ರ ಹಸಿರು ಹಿಡಿದಿರುತ್ತದೆ. ಕಾಲು ಇಂಚು ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಕ್ಯಾಪ್ ತಿರುಗಿಸಿ ಮತ್ತೆ ಪರೀಕ್ಷೆ ಮಾಡಿ. ಮೀಟರ್ ಇದ್ದರೆ ಕ್ಯಾಪಿನ ಎರಡೂ ತುದಿಗೆ ಇಟ್ಟು ನೋಡಿ. ರೆಸಿಸ್ಟರ್ ಕ್ಯಾಪ್ ಸಾಮಾನ್ಯವಾಗಿ 5 ಕಿಲೋಓಮ್ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಕ್ಯಾಪ್ ಸತ್ತಿದೆ. ಮಳೆಗಾಲದ ಮೇಲೆ ಕಿಡಿ ಇಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಮುಂದಿನದು ಕೊಟ್ಟಿಗೆ ಪಕ್ಕದ ಗಾಡಿಗೆ ವಿಶೇಷವಾಗಿ ಹೇಳಬೇಕಾದದ್ದು: ಇಲಿ. ಸೀಟ್ ಮತ್ತು ಪಕ್ಕದ ಕವರ್ ತೆಗೆದು ವೈರಿಂಗ್ ಉದ್ದಕ್ಕೂ ಕಣ್ಣಾಡಿಸಿ. ಹಳೆಯ 100 ಸಿಸಿ ಗಾಡಿಗಳಲ್ಲಿ ಬಹಳಷ್ಟು ಎಸಿ ಸಿಡಿಐ ಇರುವಂಥವು, ಅಂದರೆ ಕಿಡಿಗೆ ಬೇಕಾದ ಕರೆಂಟ್ ಬ್ಯಾಟರಿಯಿಂದ ಅಲ್ಲ, ನೇರವಾಗಿ ಮ್ಯಾಗ್ನೆಟ್ ಕಾಯಿಲಿನಿಂದ ಬರುತ್ತದೆ. ಅಂಥವುಗಳಲ್ಲಿ ಕೀ ಆಫ್ ಮಾಡುವುದು ಅಂದರೆ ಸಿಡಿಐನ ಒಂದು ವೈರನ್ನು ಅರ್ಥ್‌ಗೆ ತಾಗಿಸುವುದು ಅಷ್ಟೇ. ಇಲಿ ಕಡಿದು ಅದೇ ವೈರ್ ಚಾಸಿಗೆ ತಾಗಿದರೆ, ಅಥವಾ ಕೀ ಸ್ವಿಚ್ಚಿನೊಳಗೆ ನೀರು ಇಳಿದರೆ, ನೀವು ಕೀ ಆನ್ ಮಾಡಿದ್ದರೂ ಗಾಡಿಯ ಲೆಕ್ಕದಲ್ಲಿ ಅದು ಆಫ್. ಸೆಲ್ಫ್ ಮಾತ್ರ ತಿರುಗುತ್ತಿರುತ್ತದೆ. ವೈರಿಂಗ್ ಚಿತ್ರ ನೋಡಿ ಕೀಯಿಂದ ಸಿಡಿಐಗೆ ಬರುವ ಆ ವೈರಿನ ಕನೆಕ್ಟರ್ ಬಿಚ್ಚಿ, ಮತ್ತೆ ಕಿಡಿ ನೋಡಿ. ಬಂದರೆ ತಪ್ಪು ಕೀ ಸ್ವಿಚ್ಚಿನಲ್ಲೋ ಆ ವೈರಿನಲ್ಲೋ ಇದೆ. ಒಂದು ಎಚ್ಚರಿಕೆ, ಆ ವೈರ್ ಬಿಚ್ಚಿದ ಸ್ಥಿತಿಯಲ್ಲಿ ಗಾಡಿ ಸ್ಟಾರ್ಟ್ ಆದರೆ ಕೀಯಿಂದ ಆಫ್ ಆಗುವುದಿಲ್ಲ. ಕ್ಯಾಪ್ ಎಳೆಯಲು ಹೋಗಬೇಡಿ, ಕಾಕ್ ಆಫ್ ಮಾಡಿ ಕಾಯಿರಿ, ಅಥವಾ ಬ್ರೇಕ್ ಹಿಡಿದು ಗೇರ್ ಹಾಕಿ ಕ್ಲಚ್ ಬಿಡಿ. ಡಿಸಿ ಸಿಡಿಐ ಗಾಡಿಯಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಕೀ ಆನ್ ಮಾಡಿದಾಗ ಸಿಡಿಐಗೆ ಬ್ಯಾಟರಿಯ 12 ವೋಲ್ಟ್ ಬರುತ್ತಿದೆಯಾ ಅಂತ ನೋಡಬೇಕು.

ಇದೂ ಸರಿ ಇದ್ದರೆ ಉಳಿಯುವುದು ಮ್ಯಾಗ್ನೆಟ್ ಕಡೆಯ ಕಾಯಿಲ್‌ಗಳು, ಮೇಲಿನ ಇಗ್ನಿಷನ್ ಕಾಯಿಲ್, ಮತ್ತು ಸಿಡಿಐ. ಕಾಯಿಲ್‌ಗಳನ್ನು ಮೀಟರಿನಲ್ಲಿ ಅಳೆಯಬಹುದು, ಆದರೆ ಎಷ್ಟು ಓಮ್ ಇರಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನ ಮಾಡಿ. ಸಿಡಿಐಗೆ ಇರುವುದು ಒಂದೇ ಪರೀಕ್ಷೆ. ಅದೇ ಮಾಡೆಲ್, ಅದೇ ವರ್ಷದ ಆಸುಪಾಸಿನ, ಓಡುತ್ತಿರುವ ಗಾಡಿಯಿಂದ ಬಿಚ್ಚಿ ತಂದು ಐದು ನಿಮಿಷ ಹಾಕಿ ನೋಡುವುದು. ಪಕ್ಕದ ಮನೆಯಲ್ಲಿ ಅಂಥ ಗಾಡಿ ಇದ್ದರೆ ಕೇಳಿ, ಕೊಡ್ತಾರೆ. ಕನೆಕ್ಟರ್ ಕೂತಿತು ಅಂತ ಬೇರೆ ಮಾಡೆಲಿನದ್ದು ಹಾಕಬೇಡಿ, ಒಳಗಿನ ಟೈಮಿಂಗ್ ಬೇರೆ ಇರುತ್ತದೆ.

ಪ್ಲಗ್ ಒದ್ದೆ, ಕಿಡಿ ನೀಲಿ, ಆದರೂ ಗಾಡಿ ಸತ್ತಂತಿದೆ ಅನ್ನುವ ಸ್ಥಿತಿ ಬಂದರೆ ಗಾಳಿಯ ದಾರಿ ನೋಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ತುದಿಗೆ ಅಂಗೈ ಹಿಡಿದರೆ ಪುಸುಪುಸು ಗಾಳಿ ತಾಗಬೇಕು. ತಾಗದಿದ್ದರೆ ಅಲ್ಲೂ ಕಣಜ ಮನೆ ಮಾಡಿರಬಹುದು, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರಬಹುದು. ಎರಡೂ ಸ್ವಚ್ಛ ಇದ್ದರೆ ಪ್ಲಗ್ ಬಿಚ್ಚಿ, ಕ್ಯಾಪನ್ನು ಪ್ಲಗ್ ಸಮೇತ ಇಂಜಿನ್ ಮೈಗೆ ತಾಗಿಸಿಟ್ಟು, ಕೀ ಆಫ್ ಮಾಡಿ, ತೂತಿಗೆ ಹೆಬ್ಬೆರಳು ಒತ್ತಿಹಿಡಿದು ಕಿಕ್ ಹೊಡೆಸಿ. ಬೆರಳನ್ನು ತಳ್ಳಿ ಹಾಕುವಷ್ಟು ಜೋರು ಇರಬೇಕು. ಇಲ್ಲದಿದ್ದರೆ ನಿಂತಲ್ಲೇ ತುಕ್ಕು ಹಿಡಿದು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅನ್ನಿಸುತ್ತದೆ. ಅದು ಮನೆಯ ಕೆಲಸವಲ್ಲ, ಹೆಡ್ ಬಿಚ್ಚುವವರ ಹತ್ತಿರವೇ ಹೋಗಬೇಕು.

ಇದನ್ನು ಓದುತ್ತಿರುವವರಲ್ಲಿ 2020ರಿಂದ ಈಚಿನ ಬಿಎಸ್6 ಗಾಡಿ ಇರುವವರಿಗೆ ಒಂದು ಮಾತು. ಅವು ಹೆಚ್ಚಾಗಿ ಫ್ಯುಯಲ್ ಇಂಜೆಕ್ಷನ್‌ನವು. ಮೇಲೆ ಹೇಳಿದ ಪೈಪ್ ಬಿಚ್ಚುವ ಕೆಲಸ ಅವುಗಳಿಗೆ ಬೇಡ, ಪೈಪಿನೊಳಗೆ ಒತ್ತಡ ಇರುತ್ತದೆ, ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಅಂತ ಪಂಪಿನ ಸದ್ದು ಕೇಳುತ್ತಾ ನೋಡಿ. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ಪಂಪಿನ ಕನೆಕ್ಟರ್ ನೋಡಿ.

ನಿಮ್ಮ ಗಾಡಿಗೆ ಬಂದರೆ, ನನ್ನ ಅಂದಾಜು ಫ್ಲೋಟ್ ಚೇಂಬರಿನಲ್ಲಿ ನೀರು ಮತ್ತು ಪೈಲಟ್ ಜೆಟ್. ಬಾಟಲಿ ಹಿಡಿದು ನೋಡುವ ಕೆಲಸದಿಂದ ಶುರು ಮಾಡಿ. ಡ್ರೈನ್ ಮಾಡಿದಾಗ ಏನು ಬಂತು, ಪ್ಲಗ್ ಒದ್ದೆ ಇತ್ತಾ ಒಣಗಿತ್ತಾ, ಕಿಡಿಯ ಬಣ್ಣ ಏನು, ಈ ಮೂರನ್ನು ಬರೆದು ಕಳಿಸಿ, ಮುಂದಿನದು ಹೇಳ್ತೇನೆ. ತೆಗೆದ ಹಳೇ ಪೆಟ್ರೋಲನ್ನು ತೋಟಕ್ಕೋ ಬಾವಿ ಕಡೆಗೋ ಚೆಲ್ಲಬೇಡಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಹಾಕಿ ಗ್ಯಾರೇಜಿಗೆ ಕೊಡಿ.